ಕರ್ತೃ ನಾಪತ್ತೆ

ಪುಣೆಯಲ್ಲಿ ನಡೆಯಲಿರುವ ಭಾಷಾವಿಜ್ಞಾನ ಸಮ್ಮೇಳನವೊಂದಕ್ಕೆ ಹೋದ ಪ್ರಬಂಧ ಸಾರಾಂಶವನ್ನು ನಮ್ಮ ಕನ್ನಡ ಬಳಗದವರೊಬ್ಬರು ಓದಲು ಕೊಟ್ಟರು. ಎರಡೇ ಪುಟ. ಬರೆದವರ ಹೆಸರಿಲ್ಲ. ಯಾರದೆಂದು ಗೊತ್ತಾಗದಂತೆ ಕಳಿಸಬೇಕು, ಪರಿಶೀಲಿಸುವವರು ಪಕ್ಷಪಾತ ಮಾಡಬಾರದು ಎಂಬುದು ಪದ್ಧತಿ. ಆದರೆ ಒಳಗಿನ ಉಲ್ಲೇಖಗಳಲ್ಲಿ ಅರ್ಧದಷ್ಟು ಒಂದೇ ಹೆಸರಿನವು. ವಾಕ್ಯದ ಕರ್ತೃವನ್ನು ಕೈಬಿಟ್ಟರೂ ಯಾರೆಂದು ತಿಳಿಯುತ್ತದೆ ಎಂಬುದೇ ಸಾರಾಂಶದ ವಾದ. ಮೊದಲ ಪುರಾವೆ ತಾವೇ ಒದಗಿಸಿದ್ದಾರೆ, ಪಾಪ.

ವಾದ ಹೊಸದೇನಲ್ಲ. ಇಟಾಲಿಯನ್ನಿನಲ್ಲಿ ‘ಪಾರ್ಲೊ’ ಎಂದರೆ ಸಾಕು, ನಾನು ಮಾತಾಡುತ್ತೇನೆ ಎಂದಾಯಿತು. ‘ಪಾರ್ಲಿ’ ಎಂದರೆ ನೀನು. ಕ್ರಿಯಾಪದದ ಬಾಲವೇ ಹೇಳುವಾಗ ‘ನಾನು’, ‘ನೀನು’ ಯಾಕೆ? ಬಾಲ ಶ್ರೀಮಂತವಾಗಿದ್ದರೆ ಕರ್ತೃ ರಜೆ ಹಾಕಬಹುದು ಎಂಬ ಈ ನಂಟನ್ನು 1978ರಲ್ಲಿ ಭಾಷಾವಿಜ್ಞಾನಿ ತರಾಲ್ಡ್‌ಸನ್ ಎತ್ತಿ ತೋರಿಸಿದರು. 1981ರಲ್ಲಿ ಚಾಮ್‌ಸ್ಕಿ ಅದನ್ನು ತಮ್ಮ ಸಿದ್ಧಾಂತದೊಳಗೆ ಕೂರಿಸಿದರು. ನಮ್ಮ ಸಾರಾಂಶಕಾರರು ಅದಕ್ಕೆ ಕನ್ನಡವನ್ನು ಸೇರಿಸಿದ್ದಾರೆ. ಮಾಡಿದ, ಮಾಡಿದಳು, ಮಾಡಿದಿರಿ, ಮಾಡಿದರು, ಮಾಡಿದೆವು. ನೋಡಿ, ಎಂಥ ಸಿರಿವಂತಿಕೆ! (ನಾನೂ ‘ಮಾಡಿದೆ’, ನೀನೂ ‘ಮಾಡಿದೆ’. ಅದು ಪಟ್ಟಿಯಲ್ಲಿಲ್ಲ.)

ಈಗ ಅದೇ ಪಟ್ಟಿಯನ್ನು ನಿಷೇಧಕ್ಕೆ ತಿರುಗಿಸಿ. ನಾನು ಮಾಡಲಿಲ್ಲ. ನೀನು ಮಾಡಲಿಲ್ಲ. ಅವಳು ಮಾಡಲಿಲ್ಲ. ಅವರು ಮಾಡಲಿಲ್ಲ. ಬಾಲ ಎಲ್ಲಿ? ಶ್ರೀಮಂತಿಕೆ ಎಲ್ಲಿ? ನಿಯಮದ ಪ್ರಕಾರ ಇಲ್ಲಿ ನಾವು ಕರ್ತೃವನ್ನು ಹೇಳಲೇಬೇಕು. ಹೇಳುತ್ತೇವೆಯೇ?

ನಮ್ಮ ರಾಜ್ಯೋತ್ಸವ ಸಮಿತಿಯ ಸಭೆಗೆ ಬನ್ನಿ. ಪುಣೆಯ ಕೋಥ್ರೂಡ್‌ನಲ್ಲಿ ಒಬ್ಬರ ಮನೆ ಹಾಲ್, ಚಹಾ, ಚಕ್ಕುಲಿ. ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿ, “ಏನ್ರೀ ಕಾಕಾ, ಸಭಾಗೃಹ ಬುಕ್ ಮಾಡಿದ್ರೇನು?” ಎಂದರು. “ಮಾಡ್ಲಿಲ್ರೀ.” ಯಾರು ಮಾಡಲಿಲ್ಲ ಎಂದು ಯಾರೂ ಕೇಳಲಿಲ್ಲ. ಕಾಕಾ ಸಿಕ್ಕಿಬಿದ್ದರು. ಮುಂದೆ, “ಖಜಾಂಚಿಯವರು ಮುಂಗಡ ಕೊಟ್ಟರೇನು?” “ಕೊಡ್ಲಿಲ್ರೀ.” ಹೇಳಿದವರು ಅದೇ ಕಾಕಾ, ರೂಪವೂ ಅದೇ. ಆದರೆ ಸಿಕ್ಕಿಬಿದ್ದವರು ಈಗ ಖಜಾಂಚಿ. ಮಾತು ಯಾರ ಸುತ್ತ ನಡೆಯುತ್ತಿತ್ತೋ ಅವರೇ ಕರ್ತೃ, ಅಷ್ಟೇ. ಕೊನೆಗೆ ಅಧ್ಯಕ್ಷರು ಯಾರ ಮುಖವನ್ನೂ ನೋಡದೆ, “ಬ್ಯಾನರ್?” ಎಂದರು. “ಮಾಡಿಸ್ಲಿಲ್ಲ,” ಎಂದು ಮೂಲೆಯಿಂದ ದನಿ ಬಂತು. ಈ ಸಲ ಯಾರೂ ಸಿಗಲಿಲ್ಲ. ಮಾತಿನ ಸಂದರ್ಭ ಕರ್ತೃವನ್ನು ಕೊಡದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕಾ? ‘ಮಾಡಿಸಿದೆ’ ಎಂದಿದ್ದರೆ ‘ಅವರು’, ‘ಅವಳು’ ಎಲ್ಲ ಆಗಲೇ ಬಿಡುಗಡೆಯಾಗುತ್ತಿದ್ದರು. ನಮ್ಮ ಸಮಿತಿಗಳು ನಿಷೇಧದಲ್ಲೇ ಜಾಸ್ತಿ ಮಾತಾಡುವುದು ಸುಮ್ನೆ ಅಲ್ಲ.

ಇನ್ನೊಂದು ವಿಷಯ ಇದೆ. ಹಿಂದಿನ ಕನ್ನಡದಲ್ಲಿ ನಿಷೇಧಕ್ಕೂ ಬಾಲ ಇತ್ತು. ಅರಿಯೆನು, ಅರಿಯನು, ಅರಿಯಳು, ಅರಿಯರು. ಬಳಕೆಯಲ್ಲಿ ಅದು ಹೆಚ್ಚುಕಡಿಮೆ ಹೋಯಿತು, ‘ಇಲ್ಲ’ ಬಂದು ಕೂತಿತು. ಫ್ರೆಂಚಿನಲ್ಲಿಯೂ ಬಾಲಗಳು ಉಚ್ಚಾರದಲ್ಲಿ ಸವೆದವು, ಹಿಂದೆ ಕೈಬಿಡುತ್ತಿದ್ದ ಕರ್ತೃವನ್ನು ಈಗ ಅವರು ಹೇಳಲೇಬೇಕು. ಇದು ನಿಯಮದವರ ಮೆಚ್ಚಿನ ಕತೆ. ಫ್ರೆಂಚರು ನಿಯಮಕ್ಕೆ ತಲೆಬಾಗಿದರು. ಕನ್ನಡಿಗರು? ಬಾಗಲಿಲ್ಲ.

ಇಷ್ಟಕ್ಕೂ ಚೀನೀ ಭಾಷೆಯ ಕ್ರಿಯಾಪದಕ್ಕೆ ಬಾಲವೇ ಇಲ್ಲ, ಆದರೂ ಕರ್ತೃ ಧಾರಾಳವಾಗಿ ಬಿಟ್ಟುಹೋಗುತ್ತದೆ, ಅದನ್ನು ಮಾತಿನ ವಿಷಯದಿಂದ ಹುಡುಕಿಕೊಳ್ಳುತ್ತಾರೆ ಎಂದು ಭಾಷಾವಿಜ್ಞಾನಿ ಹುವಾಂಗ್ 1984ರಲ್ಲೇ ಬರೆದಿದ್ದಾರೆ. ಅಷ್ಟು ದೂರವೂ ಬೇಡ. ಸಮ್ಮೇಳನದ ಗೇಟಿನಾಚೆ ಯಾವುದೇ ಮನೆಯಲ್ಲಿ ಚಪಾತಿ ತಿಂದಾಯಿತು ಎನ್ನಲು ಮರಾಠಿಯಲ್ಲಿ ‘ಪೋಳಿ ಖಾಲ್ಲೀ’ ಎನ್ನುತ್ತಾರೆ. ಆ ‘ಈ’ಕಾರ ತಿಂದವರದ್ದಲ್ಲ, ಪೋಳಿಯದ್ದು. ಮರಾಠಿಯಲ್ಲಿ ಪೋಳಿ ಸ್ತ್ರೀಲಿಂಗ, ಅದಕ್ಕೇ ಆ ರೂಪ. ನಾನು ತಿಂದರೂ ಅವನು ತಿಂದರೂ ಅದೇ. ತಿಂದವರು ವಾಕ್ಯದಲ್ಲಿಲ್ಲ, ಕ್ರಿಯಾಪದ ಅವರ ಸುದ್ದಿಯನ್ನೂ ಎತ್ತುವುದಿಲ್ಲ. ಆದರೂ ಸಾರಾಂಶದಲ್ಲಿ ಮರಾಠಿ ‘ಶ್ರೀಮಂತ’ ಪಟ್ಟಿಯಲ್ಲಿ ಇಟಾಲಿಯನ್ ಪಕ್ಕದಲ್ಲೇ ಕಾಲು ಚಾಚಿ ಕೂತಿದೆ.

ಹಾಗಂತ ಬಾಲಕ್ಕೆ ಬೆಲೆಯೇ ಇಲ್ಲ ಎನ್ನಲಾಗದು. ‘ಬಂದಳು’ ಎಂದರೆ ಹುಡುಕಾಟ ಅರ್ಧ ಮುಗಿಯಿತು. ಆದರೆ ಸುಳಿವು ಕೊಡುವುದು ಬೇರೆ, ಅಪ್ಪಣೆ ಕೊಡುವುದು ಬೇರೆ, ಅಲ್ವಾ? ಸಾರಾಂಶ ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಿ, “ಇದನ್ನು ಸಾಬೀತುಪಡಿಸಲಾಗುವುದು” ಎಂದು ಮುಂದಕ್ಕೆ ಓಡುತ್ತದೆ.

ನಿಷೇಧ ವಾಕ್ಯ ಅವರಿಗೆ ಹೊಳೆಯಲೇ ಇಲ್ಲವೇನೋ ಎಂದುಕೊಂಡಿದ್ದೆ. ಇಲ್ಲ, ಹೊಳೆದಿದೆ. ಎರಡನೇ ಪುಟದ ತಳದಲ್ಲಿ, ಕನ್ನಡಕ ಒರೆಸಿಕೊಂಡು ಓದಬೇಕಾದ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ: “ಸ್ಥಳಾಭಾವದಿಂದ ನಿಷೇಧರೂಪಗಳನ್ನು ಕೈಬಿಡಲಾಗಿದೆ.” ಕೈಬಿಟ್ಟವರು ಯಾರು ಎಂದು ಕ್ರಿಯಾಪದ ಹೇಳುವುದಿಲ್ಲ.