ಸತ್ಯಾಂಶ: ನೋಯಿಸಿದವರಿಗಾಗಿ ಪ್ರಾರ್ಥನೆ

"ನಿಮಗೆ ಜಾಸ್ತಿ ನೋವು ಕೊಟ್ಟವರಿಗಾಗಿ ಇವತ್ತೇ ಪ್ರಾರ್ಥಿಸಿ, ಕ್ಷಮಿಸಿ ಮತ್ತೆ ಒಂದಾಗಿ. ಎಲ್ಲ ಧರ್ಮಗಳೂ ಹೇಳುವುದು ಇದನ್ನೇ."

ಇಲ್ಲ, ಹಾಗೆ ಹೇಳುವುದಿಲ್ಲ. ಎಲ್ಲರಿಗೂ ಒಳಿತು ಹಾರೈಸುವ ಬೌದ್ಧರ ಧ್ಯಾನ, ಮೈತ್ರಿ ಭಾವನೆಯನ್ನೇ ನೋಡಿ. 5ನೇ ಶತಮಾನದ ಬೌದ್ಧ ವಿದ್ವಾಂಸ ಬುದ್ಧಘೋಷ ಅದರ ಕ್ರಮವನ್ನು ಬರೆದಿಟ್ಟಿದ್ದಾನೆ. ಶತ್ರುವಿನಿಂದ ಶುರು ಮಾಡಬೇಡಿ ಎನ್ನುತ್ತಾನೆ. ಮೊದಲು "ನಾನು ಸುಖವಾಗಿರಲಿ" ಎಂದು ತನಗೇ ಹಾರೈಸಿಕೊಳ್ಳಬೇಕು. ಆಮೇಲೆ ಗೌರವಿಸುವ ಗುರು, ಆಪ್ತ ಗೆಳೆಯ, ಇಷ್ಟವೂ ದ್ವೇಷವೂ ಇಲ್ಲದ ಒಬ್ಬ ವ್ಯಕ್ತಿ. ನೋಯಿಸಿದವರ ಸರದಿ ಬರುವುದು ಕೊನೆಗೆ. ಅವರನ್ನು ನೆನೆದಾಗ ಮತ್ತೆ ಸಿಟ್ಟು ಉಕ್ಕಿತಾ? ಹಿಂದಿನವರ ಬಳಿಗೆ ವಾಪಸ್ ಹೋಗಿ, ಮನಸ್ಸು ಮೃದುವಾದ ಮೇಲೆ ಮತ್ತೆ ಬನ್ನಿ. ಸುಮ್ನೆ ಹಲ್ಲು ಕಚ್ಚಿ ಹಾರೈಸುವುದಲ್ಲ. ನನಗೆ ಇದು ತುಂಬಾ ಪ್ರಾಮಾಣಿಕ ಅನ್ನಿಸುತ್ತದೆ.

ಯಹೂದಿಗಳಲ್ಲಿ ಹೊಣೆ ಮೊದಲು ತಪ್ಪು ಮಾಡಿದವರ ಮೇಲೆ. ಮನುಷ್ಯರಿಗೆ ಮಾಡಿದ ತಪ್ಪು ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನ ಉಪವಾಸದಿಂದಷ್ಟೇ ಕಳೆಯುವುದಿಲ್ಲ, ನೊಂದವರನ್ನೇ ಸಮಾಧಾನ ಮಾಡಬೇಕು ಎನ್ನುತ್ತದೆ ಅವರ ಹಳೆಯ ಧರ್ಮಶಾಸ್ತ್ರ ಗ್ರಂಥ ಮಿಶ್ನಾ.

ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಎಂದು ಯೇಸು ಹೇಳಿದ್ದು ನಿಜ, ಬೈಬಲಿನ ಮತ್ತಾಯ 5:44. ಆದರೆ ಹೊಡೆಯುವ ಗಂಡನ ಮನೆಗೆ ವಾಪಸ್ ಹೋಗಿ ಅಂತ ಆ ವಚನದಲ್ಲಿ ಎಲ್ಲೂ ಇಲ್ಲ ಅಲ್ವಾ? ದೂರದಲ್ಲಿದ್ದುಕೊಂಡೇ, ದೂರು ಕೊಟ್ಟ ಮೇಲೂ ಪ್ರಾರ್ಥಿಸಬಹುದು.