ಗೋಡೆಗಳಿಲ್ಲದ ನನ್ನ ಮನೆ

ಮನೆಯ ನಕ್ಷೆಯನ್ನು ನಾನೇ ಬರೆಯುತ್ತೇನೆಂದು ಹಟ ಹಿಡಿದಾಗ ನನ್ನಾಕೆ ಹೇಳಿದ್ದು ಒಂದೇ ಮಾತು: "ಬರೆಯಿರಿ, ರಬ್ಬರ್ ಮಾತ್ರ ದೊಡ್ಡದು ತನ್ನಿ."

ನಿವೇಶನ 30 ಅಡಿ ಅಗಲ, 40 ಅಡಿ ಉದ್ದ. ಮುಂದೆ 5 ಅಡಿ, ಉಳಿದ ಮೂರು ಕಡೆ ತಲಾ 3 ಅಡಿ ಸೆಟ್‌ಬ್ಯಾಕ್ ಬಿಡಬೇಕೆಂದು ತಿಳಿದುಕೊಂಡಿದ್ದೆ. ಅಲ್ಲಿಗೆ ಕಟ್ಟಲು ಸಿಗುವುದು 24 ಅಡಿಗೆ 32 ಅಡಿ. ಅಗಲದಲ್ಲಿ 12 ಅಡಿಯ ಹಾಲ್, ಅದರ ಪಕ್ಕದಲ್ಲಿ 12 ಅಡಿಯ ಮಲಗುವ ಕೋಣೆ. ಲೆಕ್ಕ ಎಷ್ಟು ಸಲೀಸಾಗಿ ಕೂಡಿತೆಂದರೆ, ಎಂಜಿನಿಯರುಗಳು ಇದಕ್ಕೂ ಶುಲ್ಕ ಕೇಳುತ್ತಾರಲ್ಲ ಎಂದು ಮರುಗಿದೆ.

ಸಹಿ ಕೇಳಲು ಹೋದಾಗ ಎಂಜಿನಿಯರ್ ನಕ್ಷೆಯನ್ನು ಬಹಳ ಹೊತ್ತು ನೋಡಿ, "ಸಾರ್, ಗೋಡೆಗಳನ್ನು ಎಲ್ಲಿ ಕಟ್ಟುತ್ತೀರಿ?" ಎಂದರು. ನನ್ನ ಪೆನ್ಸಿಲ್ ಗೆರೆಗೆ ದಪ್ಪವಿರಲಿಲ್ಲ, ಇಟ್ಟಿಗೆಗೆ ಇದೆಯಂತೆ. ಹೊರಗೋಡೆಗಳೆರಡು 9 ಇಂಚಿನವು, ನಡುಗೋಡೆ ನಾಲ್ಕೂವರೆ ಇಂಚಿನದು, ಒಟ್ಟು 1 ಅಡಿ 10½ ಇಂಚು. ಕೋಣೆಗಳ ಅಳತೆಯೆಂದರೆ ಗೋಡೆಯಿಂದ ಗೋಡೆಗೆ ಒಳಗಿನ ಅಳತೆ. ಸೆಟ್‌ಬ್ಯಾಕ್ ಎಂದರೆ ಹೊರಗೋಡೆಯ ಹೊರಮೈಯಿಂದ ನಿವೇಶನದ ಗಡಿಯವರೆಗಿನ ಅಂತರ. ನಾನು ಬರೆದಂತೆಯೇ ಕಟ್ಟಿದ್ದರೆ ಮನೆ 25 ಅಡಿ 10½ ಇಂಚು ಅಗಲವಾಗಿ, ಒಂದು ಪಕ್ಕದ 3 ಅಡಿ ಸೆಟ್‌ಬ್ಯಾಕಿನಲ್ಲಿ ಉಳಿಯುತ್ತಿದ್ದುದು 1 ಅಡಿ 1½ ಇಂಚು; ಅಲ್ಲಿ ನನ್ನಂಥ ದೇಹದವನು ಅಡ್ಡಡ್ಡ ನಡೆದರೂ ಹೊಟ್ಟೆ ಗೋಡೆಗೆ ಉಜ್ಜುತ್ತಿತ್ತು. ಹಾಲಿನ 12 ಅಡಿಯನ್ನು ನಾನು ಬಿಟ್ಟುಕೊಡಲಿಲ್ಲವಾದ್ದರಿಂದ ಮಲಗುವ ಕೋಣೆ 10 ಅಡಿ 1½ ಇಂಚಿಗೆ ಇಳಿಯಿತು.

ಪಾಠ ಕಲಿತವನ ಗತ್ತಿನಲ್ಲಿ ಉದ್ದದ ಲೆಕ್ಕಕ್ಕೆ ಕುಳಿತೆ. ಹಾಲ್, ಊಟದ ಕೋಣೆ, ಅಡುಗೆಮನೆ ಒಂದರ ಹಿಂದೊಂದು. ಹೊರಗೋಡೆ ಎರಡು, ನಡುಗೋಡೆ ಎರಡು, ಸೇರಿ 2 ಅಡಿ 3 ಇಂಚು. ಕ್ಯಾಲ್ಕುಲೇಟರಿನಲ್ಲಿ 32ರಿಂದ 2.3 ಕಳೆದೆ, 29.7 ಬಂತು. ಅದನ್ನು 29 ಅಡಿ 7 ಇಂಚೆಂದು ಓದಿ, ಮೊದಲೆರಡು ಕೋಣೆಗಳಿಗೆ ಹತ್ತು ಹತ್ತು ಅಡಿ, ಅಡುಗೆಮನೆಗೆ 9 ಅಡಿ 7 ಇಂಚು ಹಂಚಿದೆ.

ಈ ಸಲ ನಕ್ಷೆ ಮಂಜೂರಾತಿಯ ಮೇಜಿನವರೆಗೂ ಹೋಗಿ ಹಿಂತಿರುಗಿತು. ಕೋಣೆ, ಗೋಡೆಗಳ ಬಿಡಿ ಅಳತೆಗಳನ್ನು ಯಾರೋ ಸಾಲಾಗಿ ಕೂಡಿದ್ದರು. ಮೊತ್ತ 31 ಅಡಿ 10 ಇಂಚು. ನಾನು ಹೊರಗೆ ಬರೆದ ಒಟ್ಟು ಅಳತೆ 32 ಅಡಿ. ನಡುವೆ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಸಾಕಷ್ಟು ದಪ್ಪವಾಗಿಯೇ ಇತ್ತು.

ಅಡಿಗೆ ಹನ್ನೆರಡು ಇಂಚು ಎಂಬುದು ನನಗೆ ಗೊತ್ತಿತ್ತು, ಕ್ಯಾಲ್ಕುಲೇಟರಿಗೆ ಗೊತ್ತಿರಲಿಲ್ಲ. ಮೂರು ಇಂಚೆಂದರೆ ಕಾಲು ಅಡಿ, ಅಂದರೆ 0.25, ಕಳೆಯಬೇಕಾದದ್ದು 2.25, ಉಳಿಯಬೇಕಾದದ್ದು 29.75, ಅಂದರೆ 29 ಅಡಿ 9 ಇಂಚು.

"ಕಳೆದುಹೋದ ಎರಡು ಇಂಚು ಸಿಕ್ಕಿತು, ಯಾವ ಕೋಣೆಗೆ ಸೇರಿಸಲಿ?" ಎಂದು ಮನೆಯಲ್ಲಿ ಕೇಳಿದೆ.

"ಅಡುಗೆಮನೆಯಿಂದ ಕದ್ದದ್ದಲ್ಲವೇ, ಅಲ್ಲಿಗೇ ಹಿಂದಿರುಗಿಸಿ," ಎನ್ನುತ್ತ ನನ್ನಾಕೆ ರಬ್ಬರನ್ನು ಮುಂದಕ್ಕೆ ತಳ್ಳಿದಳು. ಅದು ಆಗಲೇ ಅರ್ಧ ಸವೆದಿತ್ತು.