ಕಲಬುರಗಿಯಲ್ಲಿ ಬಿಸಿಲಿದೆಯಂತೆ!

ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಹೊಸ ಕೂಲರ್‌ನಿಂದ ಸುಟ್ಟ ವಾಸನೆ ಬಂತು. ಪಂಪ್ ಹೋಗಿತ್ತು. ಅದೇ ವಾರ ಓಣಿಯಲ್ಲಿ ಅದೇ ಕಂಪನಿಯ ಇನ್ನೂ ನಾಲ್ಕು ಕೂಲರ್ ಮಲಗಿದವು. ಸುಟ್ಟ ಪಂಪುಗಳ ಫೋಟೋ ವಾಟ್ಸಾಪ್‌ನಲ್ಲಿ ಊರೆಲ್ಲ ಓಡಾಡಿತು. ಐದನೇ ದಿನಕ್ಕೆ ಕಂಪನಿಯ ಪ್ರಕಟಣೆ ಬಂತು: “ವಿಪರೀತ ಹವಾಮಾನದಿಂದ ಕೆಲವು ಗ್ರಾಹಕರಿಗೆ ಅನಾನುಕೂಲ ಆಗಿರಬಹುದು. ವಿಷಾದಿಸುತ್ತೇವೆ.”

ಕಲಬುರಗಿಯಲ್ಲಿ ಬಿಸಿಲಿದೆ ಅಂತ ಪಾಪ ಅವರಿಗೆ ಈ ವರ್ಷವೇ ಗೊತ್ತಾಯಿತು.

ಪ್ರಕಟಣೆಯನ್ನು ಮೆಕ್ಯಾನಿಕ್ ಚಾಚಾಗೆ ಓದಿ ಹೇಳಿದೆ. “ಮಂದಿ ಬಿಸಲಿಗೇ ಕೂಲರ್ ತಗೋತಾರ್ರಿ ಸರ. ಚಳಿಗಾಲಕ್ಕೇನು?” ಎಂದರು. ಆಮೇಲೆ ಪಂಪ್ ಬಿಚ್ಚಿ ತೋರಿಸಿದರು. ನೀರು ಎಳೆಯುವ ಜಾಲರಿ ತುಂಬ ಬಿಳಿ ಉಪ್ಪು. ನಮ್ಮ ಬೋರ್ ನೀರು ಗಡಸು. ಜಾಲರಿ ಕಟ್ಟಿಕೊಂಡರೆ ಮೋಟಾರಿಗೆ ನೀರು ಸಿಗುವುದಿಲ್ಲ. ಒಣಗಿ ತಿರುಗಿ ತಿರುಗಿ ಸುಡುತ್ತದೆ. ಬಿಸಿಯಾದಾಗ ತಾನೇ ನಿಲ್ಲುವ ಒಂದು ಸಣ್ಣ ಕಟ್-ಆಫ್ ಇದ್ದಿದ್ದರೆ ಸಾಕಿತ್ತು. ಅದು ಇರಲಿಲ್ಲ.

ಪ್ರಕಟಣೆಯಲ್ಲಿ ಇದ್ಯಾವುದೂ ಇಲ್ಲ. ಯಾವ ತಿಂಗಳು ತಯಾರಾದ ಕೂಲರ್‌ಗಳು, ಈಗ ಹಚ್ಚಬಹುದೋ ಬೇಡವೋ, ಪಂಪ್ ಎಲ್ಲಿ ಬದಲಿಸಿಕೊಡುತ್ತಾರೆ, ಜನರಿಗೆ ಬೇಕಾದದ್ದು ಇಷ್ಟೇ ಅಲ್ವಾ? “ಆಗಿರಬಹುದು” ಅನ್ನುವುದಂತೂ ಇನ್ನೂ ಚೆಂದ. ಕರಕಲು ಪಂಪ್ ಕೈಯಲ್ಲಿ ಹಿಡಿದು ನಿಂತವನಿಗೆ, ನಿಮ್ಮದು ನಿಜಕ್ಕೂ ಸುಟ್ಟಿದೆಯಾ ನೋಡಿಕೊಳ್ಳಿ ಅಂದ ಹಾಗೆ.

2003ರಲ್ಲಿ ಪಕ್ಕದ ಮಹಾರಾಷ್ಟ್ರದಲ್ಲಿ ಕ್ಯಾಡ್‌ಬರಿ ಚಾಕಲೇಟಿನಲ್ಲಿ ಹುಳು ಸಿಕ್ಕಾಗ ಆ ಕಂಪನಿಯೂ ಮೊದಲು ಅಂಗಡಿಯವರ ಕಡೆಗೇ ಬೆರಳು ಮಾಡಿತ್ತು, ಸರಿಯಾಗಿ ಇಟ್ಟುಕೊಂಡಿಲ್ಲ ಅಂತ. ಜನ ಒಪ್ಪಲಿಲ್ಲ, ಮಾರಾಟ ಬಿತ್ತು. ಕಡೆಗೆ ಹೊದಿಕೆಯನ್ನೇ ಬದಲಿಸಿ, ಬಿಗಿಯಾಗಿ ಮುಚ್ಚುವ ಫಾಯಿಲ್ ತಂದರು. ಚಾಕಲೇಟ್ ಹೇಗೆ ಇಡಬೇಕೆಂದು ಅಂಗಡಿಯವರಿಗೂ ಹೇಳಿಕೊಟ್ಟರು. 2004ರಲ್ಲಿ ಅಮಿತಾಭ್ ಬಚ್ಚನ್ ಟಿವಿಯಲ್ಲಿ ಭರವಸೆ ಕೊಡುವ ಹೊತ್ತಿಗೆ ತೋರಿಸಲು ಹೊಸದೊಂದು ಇತ್ತು. ಜನ ಮತ್ತೆ ಕೊಂಡರು.

ನಮ್ಮ ಕೂಲರಿನವರು ಟಿವಿಯ ಭಾಗ ಮಾತ್ರ ಕಲಿತಿದ್ದಾರೆ. ಜೂನ್‌ನಲ್ಲಿ ಹೊಸ ಜಾಹೀರಾತು ಬಂತು. ಮಂಜಿನ ಬೆಟ್ಟ, ನಗುವ ಕುಟುಂಬ, “ನಿಮ್ಮ ನಂಬಿಕೆಯೇ ನಮ್ಮ ತಂಪು” ಎಂಬ ಸಾಲು. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಹೊಸ ಮಾಡೆಲ್ ನಿಂತಿತ್ತು. ಬಣ್ಣ ನೀಲಿ ಇದ್ದದ್ದು ಹಸಿರಾಗಿದೆ. ಮೇಲೆ “ಹೊಸ ತಂತ್ರಜ್ಞಾನ” ಅಂತ ಚೀಟಿ.

ಚಾಚಾ ಸುಮ್ನೆ ಹಿಂದಿನ ಜಾಲರಿ ತೆಗೆದು ಒಳಗೆ ಕೈ ಹಾಕಿದರು. ಪಂಪಿನ ಮೇಲಿನ ನಂಬರ್ ಓದಿದರು. ಜೇಬಿನಿಂದ ನಮ್ಮ ಸುಟ್ಟ ಪಂಪ್ ತೆಗೆದು ಅದರ ನಂಬರನ್ನೂ ಓದಿದರು. ಅಂಗಡಿಯವನು ಚಾವಣಿಯ ಫ್ಯಾನ್ ನೋಡತೊಡಗಿದ.